ಚಿಕ್ಕದು ಮಾಡುವಾಗ ಯಾರನ್ನು ಬಿಟ್ಟೆವು?



ಒಂದೂವರೆ ಪುಟದ ಪ್ರಕಟಣೆಯೊಂದನ್ನು ಏಳು ಪುಟ್ಟ ಕಾರ್ಡುಗಳಿಗೆ ಇಳಿಸಿದರೆ ಅದು ಓದುವವನಿಗೆ ಮಾಡಿದ ಉಪಕಾರವೋ, ಅಪಕಾರವೋ? ಉದ್ದದ ಪ್ರಕಟಣೆಯನ್ನು ಯಾರೂ ಓದುವುದಿಲ್ಲ. ಆದ್ದರಿಂದ ಅದರಲ್ಲಿ ಎಷ್ಟೇ ನಿಜವಿದ್ದರೂ ಅದು ಯಾರಿಗೂ ತಲುಪದ ನಿಜ. ಚಿಕ್ಕದನ್ನು ಎಲ್ಲರೂ ಓದುತ್ತಾರೆ. ಆದರೆ ಚಿಕ್ಕದು ಮಾಡುವಾಗ ಏನನ್ನೋ ಬಿಡಲೇಬೇಕು. ಬಿಟ್ಟದ್ದರಿಂದ ಯಾರಿಗಾದರೂ ನಷ್ಟವಾದರೆ ಆ ಹೊಣೆ ಯಾರದು? ಮೇಲ್ನೋಟಕ್ಕೆ ಇದು ಬರವಣಿಗೆಯ ಪ್ರಶ್ನೆ. ನನಗೆ ಇದು ನೀತಿಯ ಪ್ರಶ್ನೆಯೂ ಹೌದು ಅನ್ನಿಸುತ್ತದೆ. ಒಂದು ಉದಾಹರಣೆಯ ಮೂಲಕ ವಿವರಿಸುತ್ತೇನೆ. ಈ ಉದಾಹರಣೆ ನಮ್ಮೆಲ್ಲರ ಮನೆಗೂ ಸಂಬಂಧಪಟ್ಟದ್ದು.

ನಮ್ಮ ಯುಗಾದಿ ಕಾರ್ಯಕ್ರಮಗಳಿಗೆ ತಪ್ಪದೆ ಬರುವ ಒಬ್ಬ ಹೆಣ್ಣುಮಗಳು ಕಲೋನಿನ ಒಂದು ಕಂಪನಿಯ ಸಿಬ್ಬಂದಿ ವಿಭಾಗದಲ್ಲಿದ್ದಾಳೆ. ಕಾಯಿಲೆಯ ರಜೆಯ ನಿಯಮಗಳನ್ನು ಕುರಿತ ಪ್ರಕಟಣೆಯೊಂದನ್ನು ಸರಳ ಮಾಡುವ ಕೆಲಸ ಅವಳ ಪಾಲಿಗೆ ಬಂದಿತ್ತು. ಫೋನಿನ ಪರದೆಯ ಮೇಲೆ ಬೆರಳಿನಿಂದ ಒಂದೊಂದಾಗಿ ಸರಿಸುತ್ತಾ ಓದುವ ಕಾರ್ಡುಗಳ ಸಾಲಿಗೆ ಕ್ಯಾರೊಸೆಲ್ ಎನ್ನುತ್ತಾರಂತೆ. ಒಂದು ಕಾರ್ಡಿಗೆ ಒಂದು ವಿಷಯ, ಮೂರು ನಾಲ್ಕು ಪುಟ್ಟ ವಾಕ್ಯ, ಅಷ್ಟೇ. "ಡಾಕ್ಟ್ರೇ, ಕಾಯಿಲೆಯ ಚೀಟಿ ದಿನಾ ಬರೆಯುವವರು ನೀವು, ಒಮ್ಮೆ ನೋಡಿಕೊಡಿ" ಎಂದು ಕೇಳಿದಳು.

ಮೂಲ ಪ್ರಕಟಣೆ ಜರ್ಮನ್ ಭಾಷೆಯಲ್ಲಿತ್ತು. ಅದರ ಒಂದು ವಾಕ್ಯವನ್ನು ಕನ್ನಡಕ್ಕೆ ತಂದರೆ ಹೀಗಿರುತ್ತದೆ: "ಅನಾರೋಗ್ಯದ ನಿಮಿತ್ತ ಕಾರ್ಯನಿರ್ವಹಣೆಗೆ ಅಸಮರ್ಥರಾಗುವ ಉದ್ಯೋಗಿಗಳು ಸದರಿ ಅಸಮರ್ಥತೆಯನ್ನೂ ಅದರ ಸಂಭಾವ್ಯ ಅವಧಿಯನ್ನೂ ವಿಳಂಬವಿಲ್ಲದೆ ತಿಳಿಯಪಡಿಸತಕ್ಕದ್ದಾಗಿದ್ದು, ಸದರಿ ಅಸಮರ್ಥತೆಯು ಮೂರು ಪಂಚಾಂಗ ದಿನಗಳನ್ನು ಮೀರಿದ ಪಕ್ಷದಲ್ಲಿ ಅದರ ಅಸ್ತಿತ್ವ ಹಾಗೂ ಸಂಭಾವ್ಯ ಅವಧಿಯನ್ನು ತದನಂತರದ ಕೆಲಸದ ದಿನದೊಳಗಾಗಿ ವೈದ್ಯರಿಂದ ದೃಢಪಡಿಸಿಕೊಳ್ಳತಕ್ಕದ್ದು, ಇದಕ್ಕೂ ಮುಂಚಿತವಾಗಿ ದೃಢೀಕರಣವನ್ನು ಕೋರುವ ಹಕ್ಕನ್ನು ಕಾಯ್ದಿರಿಸಲಾಗಿದೆ." ಊರಿನ ತಾಲೂಕು ಕಚೇರಿಯ ನೋಟೀಸು ಬೋರ್ಡಿನ ಮುಂದೆ ನಿಂತು ಓದಿದ ಅನುಭವ ನಿಮಗಿದ್ದರೆ ಈ ದನಿ ಹೊಸದಲ್ಲ. ಕಚೇರಿ ಕನ್ನಡವೂ ಕಚೇರಿ ಜರ್ಮನ್ನೂ ಒಡಹುಟ್ಟಿದವು.

ಹುಡುಗಿ ಮಾಡಿದ ಮೊದಲ ಸರಳ ರೂಪ ಹೀಗಿತ್ತು: "ಹುಷಾರಿಲ್ಲವೇ? ಚಿಂತೆ ಬೇಡ. ನಮಗೆ ತಿಳಿಸಿ, ಮೂರು ದಿನ ಆರಾಮ ಮಾಡಿ. ಇನ್ನೂ ವಾಸಿಯಾಗದಿದ್ದರೆ ವೈದ್ಯರ ಬಳಿ ಹೋಗಿ. ಚೀಟಿ ಕಳಿಸುವ ತಾಪತ್ರಯ ಇನ್ನಿಲ್ಲ!" ಓದಲು ಹಿತವಾಗಿದೆ. ಇದರಲ್ಲಿ ಸುಳ್ಳೆಂದು ಬೆರಳಿಟ್ಟು ತೋರಿಸಬಹುದಾದ ಮಾತು ಒಂದೂ ಇಲ್ಲ. ಆದರೂ ಇದನ್ನು ನಂಬಿ ನಡೆದವನು ತೊಂದರೆಗೆ ಸಿಕ್ಕುತ್ತಾನೆ. ಹೇಗೆಂದು ನೋಡೋಣ.

ಒಬ್ಬಾತನಿಗೆ ಶುಕ್ರವಾರ ಬೆಳಿಗ್ಗೆ ಜ್ವರ ಬಂತು ಎನ್ನಿ. ಕಂಪನಿಗೆ ಫೋನು ಮಾಡಿ ಮಲಗಿದ. ಶನಿವಾರ, ಭಾನುವಾರ ಹೇಗೂ ರಜೆ. ಸೋಮವಾರವೂ ಎದ್ದು ಹೋಗಲು ಆಗಲಿಲ್ಲ. ಅವನ ಲೆಕ್ಕದಲ್ಲಿ ಶುಕ್ರವಾರ ಒಂದು, ಸೋಮವಾರ ಎರಡು, ಮಂಗಳವಾರ ಮೂರು. ಹಾಗಾಗಿ ಬುಧವಾರ ವೈದ್ಯರನ್ನು ಕಂಡರೆ ಸಾಕು ಎಂದುಕೊಳ್ಳುತ್ತಾನೆ. ಕಾನೂನಿನ ಲೆಕ್ಕ ಬೇರೆ. ಅದು ಎಣಿಸುವುದು ಪಂಚಾಂಗದ ದಿನಗಳನ್ನು, ಕೆಲಸದ ದಿನಗಳನ್ನಲ್ಲ. ಶುಕ್ರ, ಶನಿ, ಭಾನುವಾರಕ್ಕೆ ಮೂರು ದಿನ ಮುಗಿದವು. ಸೋಮವಾರ ನಾಲ್ಕನೆಯ ದಿನ, ವೈದ್ಯರ ದೃಢೀಕರಣ ಅಂದೇ ಆಗಬೇಕು. ಬುಧವಾರ ನಮ್ಮ ಚಿಕಿತ್ಸಾಲಯಕ್ಕೆ ಬಂದು "ಡಾಕ್ಟ್ರೇ, ಶುಕ್ರವಾರದಿಂದ ಬರೆದುಕೊಡಿ" ಎಂದರೆ ನಮ್ಮ ಕೈ ಕಟ್ಟಿದೆ. ಹಿಂದಿನ ತಾರೀಖಿನಿಂದ ಬರೆಯುವುದು ಅಪವಾದವಾಗಿ ಮಾತ್ರ, ಪರೀಕ್ಷೆ ಮಾಡಿದ ಮೇಲೆ, ಸಾಮಾನ್ಯವಾಗಿ ಮೂರು ದಿನ ಹಿಂದಕ್ಕಷ್ಟೇ. ಕಾಯಿಲೆ ನಿಜ, ಜ್ವರ ನಿಜ, ಆದರೆ ದಾಖಲೆಯಲ್ಲಿ ಒಂದು ಕಂದಕ. ಆ ಕಂದಕಕ್ಕೆ ಕಾರಣವಾದದ್ದು ಸರಳೀಕರಣದಲ್ಲಿ ಬಿದ್ದುಹೋದ "ಪಂಚಾಂಗ" ಎಂಬ ಒಂದೇ ಪದ.

ಕೊನೆಯ ವಾಕ್ಯವನ್ನೂ ನೋಡಿ. "ಚೀಟಿ ಕಳಿಸುವ ತಾಪತ್ರಯ ಇನ್ನಿಲ್ಲ." 2023ರ ಜನವರಿ 1ರಿಂದ ಸರ್ಕಾರಿ ವ್ಯವಸ್ಥೆಯ ಆರೋಗ್ಯ ವಿಮೆ ಇರುವವರ ಮಟ್ಟಿಗೆ ಇದು ಸರಿಯೇ. ನಾವು ವೈದ್ಯರು ಗಣಕಯಂತ್ರದ ಮೂಲಕ ವಿಮಾ ಸಂಸ್ಥೆಗೆ, ಅಂದರೆ ಕ್ರಾಂಕನ್‌ಕಾಸ್ಸೆಗೆ, ಕಳಿಸುತ್ತೇವೆ. ಕಂಪನಿ ಅಲ್ಲಿಂದ ತರಿಸಿಕೊಳ್ಳುತ್ತದೆ. ಆದರೆ "ತರಿಸಿಕೊಳ್ಳುತ್ತದೆ" ಎನ್ನುವಲ್ಲಿ ಒಂದು ಸೂಕ್ಷ್ಮವಿದೆ. ಮಾಹಿತಿ ತಾನಾಗಿ ಹೋಗಿ ಕಂಪನಿಯ ಬಾಗಿಲು ತಟ್ಟುವುದಿಲ್ಲ. ನೌಕರ ತಿಳಿಸಿದರೆ ಮಾತ್ರ ಕಂಪನಿ ಕೇಳುತ್ತದೆ. "ಡಾಕ್ಟರು ಕಳಿಸಿದ್ದಾರಲ್ಲ, ನಾನೇಕೆ ಫೋನು ಮಾಡಲಿ?" ಎಂದು ಸುಮ್ಮನೆ ಮಲಗಿದವನು ಕಂಪನಿಯ ಕಣ್ಣಿಗೆ ಹೇಳದೆ ಕೇಳದೆ ಗೈರುಹಾಜರಾದವನು. ಇನ್ನು ಖಾಸಗಿ ವಿಮೆ ಇರುವವರಿಗೂ ವಿದೇಶದಲ್ಲಿ ವೈದ್ಯರನ್ನು ಕಂಡವರಿಗೂ ಕಾಗದದ ಚೀಟಿಯೇ ಗತಿ. ಹಗುರವಾದ ಒಂದು ವಾಕ್ಯ ಇವರೆಲ್ಲರನ್ನೂ ಲೆಕ್ಕದಿಂದ ಕೈಬಿಟ್ಟಿತು.

ಹಾಗಾದರೆ ಉದ್ದದ ಪ್ರಕಟಣೆಯೇ ಒಳ್ಳೆಯದೇ? ಅದೂ ಅಲ್ಲ. ಆ ಪ್ರಕಟಣೆಯ ಪದಗಳನ್ನು ನಾವಿಬ್ಬರೂ ಕೂತು ಬಿಡಿಸಿ ನೋಡಿದಾಗ ಮೂರು ಜಾತಿಯವು ಕಂಡವು. ಮೊದಲನೆಯದು ಬರಿಯ ಮೈಭಾರ: "ಸದರಿ", "ತದನಂತರ", "ತಿಳಿಯಪಡಿಸತಕ್ಕದ್ದಾಗಿದ್ದು" ಮುಂತಾದವು. ಇವು ಹೋದರೆ ಯಾರಿಗೂ ನಷ್ಟವಿಲ್ಲ. ಎರಡನೆಯದು ಬರೆದವನನ್ನು ಕಾಯುವ ಪದಗಳು. "ಹಕ್ಕನ್ನು ಕಾಯ್ದಿರಿಸಲಾಗಿದೆ" ಎಂಬುದು ಇದಕ್ಕೆ ಒಳ್ಳೆಯ ಮಾದರಿ. ಯಾರು ಕಾಯ್ದಿರಿಸಿದರು? ಯಾವಾಗ ಕೇಳುತ್ತಾರೆ? ಯಾರನ್ನು ಕೇಳುತ್ತಾರೆ? ವಾಕ್ಯದಲ್ಲಿ ಕರ್ತೃವೇ ಇಲ್ಲ. ಕರ್ತೃವನ್ನು ಮರೆಮಾಡಿದ ವಾಕ್ಯದಲ್ಲಿ ಹೊಣೆಯೂ ಮರೆಯಾಗುತ್ತದೆ. ಮೂರನೆಯದು ಓದುವವನನ್ನು ಕಾಯುವ ಪದಗಳು: "ಪಂಚಾಂಗ ದಿನ" ಅಂಥದ್ದು. ರೋಗದ ಹೆಸರು ಕಂಪನಿಗೆ ಹೋಗುವುದಿಲ್ಲ ಎಂಬ ಮಾತೂ ಅಂಥದ್ದೇ. ಅದು ಮೂಲದಲ್ಲಿ ಆರನೆಯ ಪ್ಯಾರಾದ ಒಂದು ಉಪವಾಕ್ಯದಲ್ಲಿ ಹೂತುಹೋಗಿತ್ತು.

ಪುಸ್ತಕಗಳು ಉದ್ದದ ವಾಕ್ಯ ಮುರಿಯಿರಿ, ಕಠಿಣ ಪದ ಬಿಡಿ ಎಂದು ಹೇಳುತ್ತವೆ. ಸರಿಯೇ, ಆದರೆ ಅದು ಎರಡನೆಯ ಹೆಜ್ಜೆ. ಮೊದಲ ಹೆಜ್ಜೆಯಲ್ಲಿ ಪ್ರತಿ ಪದವನ್ನೂ "ನೀನು ಯಾರ ಕಾವಲಿಗಿದ್ದೀಯೆ?" ಎಂದು ಕೇಳಬೇಕು. ಬರೆದವನ ಕಾವಲಿನದನ್ನು ಧೈರ್ಯವಾಗಿ ತೆಗೆಯಬಹುದು, ಇಲ್ಲವೇ ಅದಕ್ಕೆ ಕರ್ತೃವನ್ನು ಕೊಟ್ಟು ಬಯಲಿಗೆ ತರಬಹುದು. ಓದುವವನ ಕಾವಲಿನದನ್ನು ತೆಗೆಯಬಾರದು. ಜಾಗ ಸಾಲದಿದ್ದರೆ ಇನ್ನೊಂದು ಕಾರ್ಡು ಹೆಚ್ಚಿಸಬೇಕು.

ಇಲ್ಲಿ ಒಂದು ಪದದ ಕಥೆ ಹೇಳಲೇಬೇಕು. ನಾನು ಮೇಲೆ "ವಿಳಂಬವಿಲ್ಲದೆ" ಎಂದು ಬರೆದದ್ದಕ್ಕೆ ಜರ್ಮನ್ ಕಾನೂನಿನ ಪದ ಉನ್‌ಫೆರ್ಟ್ಸೂಗ್ಲಿಶ್. ಉಚ್ಚರಿಸಲು ಕಷ್ಟವಾದ ಈ ಪದವನ್ನು ತೆಗೆದು "ಮೊದಲ ದಿನ, ಕೆಲಸ ಶುರುವಾಗುವ ಮೊದಲು" ಎಂದು ಹುಡುಗಿ ಹಾಕಿದ್ದಳು. ಎಷ್ಟು ಸ್ಪಷ್ಟ ಎಂದು ನಾನೂ ಮೆಚ್ಚಿದೆ. ಆದರೆ ಜರ್ಮನ್ ನಾಗರಿಕ ಸಂಹಿತೆಯಲ್ಲಿ ಈ ಪದಕ್ಕೆ ಕೊಟ್ಟಿರುವ ಅರ್ಥ "ತಕ್ಷಣ" ಎಂದಲ್ಲ. "ತಪ್ಪೆನಿಸುವಂಥ ತಡ ಮಾಡದೆ" ಎಂದು. ರಾತ್ರಿ ಅಪಘಾತವಾಗಿ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿರುವವನು ಬೆಳಿಗ್ಗೆ ಫೋನು ಮಾಡದಿದ್ದರೆ ಅದು ಅವನ ತಪ್ಪಲ್ಲ. ಆ ಒರಟು ಪದದೊಳಗೆ ಒಂದು ಕರುಣೆ ಅಡಗಿತ್ತು. ಸರಳ ವಾಕ್ಯ ಗಡಿಯಾರವನ್ನು ಉಳಿಸಿಕೊಂಡು ಕರುಣೆಯನ್ನು ಬಿಟ್ಟಿತ್ತು. ನಾಲ್ಕು ಪದ ಸೇರಿಸಿದೆವು: "ಆಗದಿದ್ದರೆ, ಆದ ಕೂಡಲೇ ತಿಳಿಸಿ." ಕಠಿಣ ಪದವನ್ನು ತೆಗೆಯುವ ಮೊದಲು ಅದರ ಹೊಟ್ಟೆಯಲ್ಲಿ ಏನಿದೆ ಎಂದು ನೋಡಬೇಕು ಎನ್ನುವುದು ಇದಕ್ಕೇ.

ಕೊನೆಗೆ ಸಿದ್ಧವಾದ ಕಾರ್ಡುಗಳು ಇವು. ಕನ್ನಡದಲ್ಲಿ ಕೊಡುತ್ತಿದ್ದೇನೆ.

ಒಂದನೆಯ ಕಾರ್ಡು: ಕಾಯಿಲೆಯಾದರೆ ಏನು ಮಾಡಬೇಕು? ಈ ನಿಯಮ ಎಲ್ಲ ಉದ್ಯೋಗಿಗಳಿಗೂ ಅನ್ವಯ. ಓದಲು ಎರಡು ನಿಮಿಷ ಸಾಕು.

ಎರಡನೆಯದು: ಮೊದಲ ದಿನವೇ, ಕೆಲಸ ಶುರುವಾಗುವ ಮೊದಲು ನಿಮ್ಮ ಮೇಲಧಿಕಾರಿಗೆ ತಿಳಿಸಿ. ಆಗದಿದ್ದರೆ, ಆದ ಕೂಡಲೇ ತಿಳಿಸಿ. ಎಷ್ಟು ದಿನ ಬೇಕಾಗಬಹುದು ಎಂದು ಹೇಳಿ. ಯಾವ ಕಾಯಿಲೆ ಎಂದು ಹೇಳಬೇಕಾಗಿಲ್ಲ.

ಮೂರನೆಯದು: ಮೂರು ದಿನಕ್ಕಿಂತ ಹೆಚ್ಚಾದರೆ ನಾಲ್ಕನೆಯ ದಿನ ವೈದ್ಯರನ್ನು ಕಾಣಿ. ಶನಿವಾರ, ಭಾನುವಾರವನ್ನೂ ಎಣಿಸಿ. ಶುಕ್ರವಾರ ಕಾಯಿಲೆ ಬಿದ್ದರೆ ಸೋಮವಾರ ವೈದ್ಯರನ್ನು ಕಾಣಬೇಕು. ಇದಕ್ಕಿಂತ ಮೊದಲೇ ಬೇಕಿದ್ದರೆ ಸಿಬ್ಬಂದಿ ವಿಭಾಗ ನಿಮಗೆ ಮುಂಚೆಯೇ ಬರೆದು ತಿಳಿಸುತ್ತದೆ.

ನಾಲ್ಕನೆಯದು: ವೈದ್ಯರ ದೃಢೀಕರಣವನ್ನು ನಾವೇ ವಿಮಾ ಸಂಸ್ಥೆಯಿಂದ ತರಿಸಿಕೊಳ್ಳುತ್ತೇವೆ. ಆದರೆ ವೈದ್ಯರ ಬಳಿ ಹೋಗುವುದೂ ನಮಗೆ ತಿಳಿಸುವುದೂ ನಿಮ್ಮ ಕೆಲಸ. ಖಾಸಗಿ ವಿಮೆ ಇದ್ದರೆ ಕಾಗದದ ಚೀಟಿ ಕಳಿಸಿ.

ಐದನೆಯದು: ಹೇಳಿದ್ದಕ್ಕಿಂತ ಹೆಚ್ಚು ದಿನ ಬೇಕೇ? ಮತ್ತೆ ತಿಳಿಸಿ. ಚೀಟಿಯ ಅವಧಿ ಮುಗಿಯುವ ಮೊದಲೇ ಮತ್ತೆ ವೈದ್ಯರನ್ನು ಕಾಣಿ.

ಆರನೆಯದು: ರಜೆಯಲ್ಲಿದ್ದಾಗ ಕಾಯಿಲೆಯಾಯಿತೇ? ಮೊದಲ ದಿನವೇ ವೈದ್ಯರ ಚೀಟಿ ಪಡೆಯಿರಿ. ಚೀಟಿ ಇರುವ ದಿನಗಳು ನಿಮ್ಮ ರಜೆಯ ಲೆಕ್ಕದಿಂದ ಕಡಿತವಾಗುವುದಿಲ್ಲ. ವಿದೇಶದಲ್ಲಿದ್ದರೆ ಅಲ್ಲಿನ ನಿಮ್ಮ ವಿಳಾಸವನ್ನೂ ಕೂಡಲೇ ತಿಳಿಸಿ.

ಏಳನೆಯ ಕಾರ್ಡಿನ ವಿಷಯ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಆರನೆಯದರ ಬಗ್ಗೆ ನಮ್ಮವರಿಗಾಗಿ ಎರಡು ಮಾತು. ಮೊದಲ ರೂಪದಲ್ಲಿ ಈ ಕಾರ್ಡೇ ಇರಲಿಲ್ಲ. "ರಜೆಯಲ್ಲಿ ಕಾಯಿಲೆ ಬೀಳುವವರು ಎಷ್ಟು ಮಂದಿ?" ಎಂದು ಅದನ್ನು ಕೈಬಿಡಲಾಗಿತ್ತು. ನಮ್ಮ ಸಂಘದ ಮನೆಗಳನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು! ನಾಲ್ಕು ವಾರ ಊರಿಗೆ ಹೋಗಿ ಒಂದು ವಾರ ಡೆಂಗಿಯಲ್ಲೋ ಹೊಟ್ಟೆಯ ಸೋಂಕಿನಲ್ಲೋ ಮಲಗಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥವರಿಗೆ ಮೂರು ದಿನ ಕಾಯುವ ಸಲಹೆ ನಷ್ಟದ ಸಲಹೆ. ರಜೆಯ ಕಾನೂನಿನ ಪ್ರಕಾರ ವೈದ್ಯರ ಚೀಟಿಯಿಂದ ಸಾಬೀತಾದ ದಿನಗಳು ಮಾತ್ರ ರಜೆಯ ಲೆಕ್ಕಕ್ಕೆ ಮರಳುತ್ತವೆ. ಚೀಟಿಯಿಲ್ಲದ ಮೂರು ದಿನ ಹೋದವೇ.

ಊರಿನ ವೈದ್ಯರ ಚೀಟಿಯ ಒಕ್ಕಣೆಯೂ ಮುಖ್ಯ. "ವೈರಲ್ ಜ್ವರ, ವಿಶ್ರಾಂತಿಗೆ ಸಲಹೆ ನೀಡಲಾಗಿದೆ" ಎಂದು ಬರೆಯುವುದು ನಮ್ಮಲ್ಲಿ ರೂಢಿ. ಇಲ್ಲಿನ ನ್ಯಾಯಾಲಯಗಳು ಕಾಯಿಲೆಯನ್ನೂ ಕೆಲಸ ಮಾಡಲಾಗದ ಸ್ಥಿತಿಯನ್ನೂ ಬೇರೆ ಬೇರೆಯಾಗಿ ನೋಡುತ್ತವೆ. ಕಾಯಿಲೆಯಿದ್ದೂ ಕೆಲಸ ಮಾಡಬಲ್ಲವರು ಇರುತ್ತಾರಲ್ಲ! ಆದ್ದರಿಂದ "ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಕೆಲಸ ಮಾಡಲು ಅಸಮರ್ಥರು" ಎಂದು ಸ್ಪಷ್ಟವಾಗಿ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಕಂಪನಿಗೂ ಕ್ರಾಂಕನ್‌ಕಾಸ್ಸೆಗೂ ಅಲ್ಲಿಂದಲೇ ತಿಳಿಸಿ, ಮರಳಿ ಬಂದ ಕೂಡಲೇ ಬಂದೆವೆಂದೂ ತಿಳಿಸಿ. ಕಾಯಿಲೆಯ ದಿನಗಳನ್ನು ರಜೆಯ ಕೊನೆಗೆ ನೀವೇ ಜೋಡಿಸಿಕೊಂಡು ವಿಮಾನದ ಟಿಕೇಟು ಮುಂದೂಡಬೇಡಿ. ಅವು ಲೆಕ್ಕಕ್ಕೆ ಮರಳುತ್ತವೆಯೇ ಹೊರತು ರಜೆ ತಾನಾಗಿ ಉದ್ದವಾಗುವುದಿಲ್ಲ. ಕೆಲವೇ ಮಂದಿಗೆ ಬೇಕಾದ ಸಾಲು ಎಂದು ಬಿಟ್ಟುಬಿಡುವಾಗ ಆ ಕೆಲವರು ಯಾರು ಎಂದು ನೋಡಬೇಕು. ಬಹುಸಂಖ್ಯಾತರಿಗೆ ಅನಗತ್ಯವಾದದ್ದು ಹೊರಗಿನಿಂದ ಬಂದವರಿಗೆ ಅತ್ಯಗತ್ಯವಾಗಿರಬಹುದು.

ಕಾರ್ಡುಗಳು ಅರ್ಥವಾಗುತ್ತವೆಯೇ ಎಂದು ತಿಳಿಯುವುದು ಹೇಗೆ? ಕ್ಯಾಂಟೀನಿನಲ್ಲಿ ಕೆಲವರಿಗೆ ತೋರಿಸಿ "ಅರ್ಥವಾಯಿತೇ?" ಎಂದು ಕೇಳಿದಳಂತೆ, ಎಲ್ಲರೂ ಹೌದೆಂದರು. ನಮ್ಮ ವೃತ್ತಿಯಲ್ಲಿ ಈ ಪ್ರಶ್ನೆಗೆ ಬೆಲೆಯಿಲ್ಲ. ಅರ್ಥವಾಗದ ರೋಗಿಯೂ ಮರ್ಯಾದೆಗೆ ತಲೆಯಾಡಿಸುತ್ತಾನೆ. ನಾವು ಕೇಳಬೇಕಾದದ್ದು "ಮನೆಗೆ ಹೋಗಿ ಈ ಮಾತ್ರೆಯನ್ನು ಹೇಗೆ ತಗೋತೀರಿ, ಹೇಳಿ ನೋಡೋಣ" ಎಂದು. ಅದೇ ರೀತಿ ಮಾಡಲು ಹೇಳಿದೆ. "ಶುಕ್ರವಾರ ಜ್ವರ ಬಂತು, ಸೋಮವಾರವೂ ಏಳಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಏನು ಮಾಡುತ್ತೀರಿ?" ಎಂದು ಕೇಳಿದಾಗ ಒಬ್ಬ ಬುಧವಾರ ವೈದ್ಯರಲ್ಲಿಗೆ ಹೋಗುತ್ತೇನೆಂದ. ಇನ್ನೊಬ್ಬ ಚೀಟಿಯೇ ಬೇಡವಾಗಿದೆಯಲ್ಲ ಎಂದ. ಶುಕ್ರವಾರ, ಸೋಮವಾರದ ಉದಾಹರಣೆ ಕಾರ್ಡಿಗೆ ಬಂದದ್ದು ಆ ಉತ್ತರಗಳಿಂದಲೇ. "ಪಂಚಾಂಗ ದಿನ" ಎಂದು ಬರೆಯುವುದಕ್ಕಿಂತ ವಾರದ ಹೆಸರು ಹೇಳಿದಾಗ ತಪ್ಪುವವರು ಯಾರೂ ಉಳಿಯಲಿಲ್ಲ.

ಈಗ ಏಳನೆಯ ಕಾರ್ಡು. ನೀತಿಯ ಪ್ರಶ್ನೆ ನಿಜವಾಗಿ ಇರುವುದು ಇಲ್ಲಿ. ಮೊದಲು ಅದರಲ್ಲಿ ಇದ್ದದ್ದು: "ಇದು ಸಾರಾಂಶ ಮಾತ್ರ. ಪೂರ್ಣ ನಿಯಮವೇ ಅಂತಿಮ." ಎಲ್ಲ ಕಡೆಯೂ ಹೀಗೇ ಬರೆಯುತ್ತಾರೆ. ಜರ್ಮನಿಯ ಸರ್ಕಾರಿ ಕಚೇರಿಗಳು ಸುಲಭ ಭಾಷೆಯಲ್ಲಿ ಕೊಡುವ ವಿವರಣೆಗಳ ಕೆಳಗೂ ಇಂಥ ಟಿಪ್ಪಣಿ ಕಾಣುತ್ತದೆ. ಅದರ ಹಿಂದಿನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಯೋಚಿಸಿ: "ಇದನ್ನು ಓದಿ, ಇಷ್ಟು ಸಾಕು" ಎಂದು ಒಂದು ಕೈಯಲ್ಲಿ ಕಾರ್ಡು ಕೊಟ್ಟು, ಎಡವಿದಾಗ ಇನ್ನೊಂದು ಕೈಯಲ್ಲಿ ಒಂದೂವರೆ ಪುಟ ತೋರಿಸಿ "ಇದರಲ್ಲಿತ್ತಲ್ಲ" ಎಂದರೆ ಅದು ಎರಡು ನಾಲಿಗೆಯ ಮಾತಾಗುವುದಿಲ್ಲವೇ? ಸರಳ ಮಾಡಿದ್ದರ ಲಾಭ ಕಂಪನಿಗೆ, ಅದರಲ್ಲಿ ಬಿಟ್ಟುಹೋದದ್ದರ ನಷ್ಟ ನೌಕರನಿಗೆ. ಉದ್ದದ ಪ್ರಕಟಣೆಯಲ್ಲಿ ಕನಿಷ್ಠ ಈ ಮೋಸವಿರಲಿಲ್ಲ.

ವೈದ್ಯರಿಗೆ ಈ ದೇಶದ ಕಾನೂನು ಈ ಸವಲತ್ತು ಕೊಟ್ಟಿಲ್ಲ. ರೋಗಿಗಳ ಹಕ್ಕುಗಳ ಕಾನೂನು 2013ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಶಸ್ತ್ರಚಿಕಿತ್ಸೆಗೆ ಮೊದಲು ನಾವು ಬಾಯಿಮಾತಿನಲ್ಲೇ, ಆ ರೋಗಿಗೆ ಅರ್ಥವಾಗುವಂತೆ ವಿವರಿಸಬೇಕು. ಮುದ್ರಿತ ಕಾಗದ ಅದಕ್ಕೆ ಪೂರಕ ಮಾತ್ರ. ಆರು ಪುಟದ ಕಾಗದಕ್ಕೆ ಸಹಿ ಹಾಕಿಸಿಕೊಂಡು "ಎಲ್ಲ ಅದರಲ್ಲಿ ಬರೆದಿತ್ತು" ಎಂದರೆ ಸಾಲದು. ಅರ್ಥವಾಗುವಂತೆ ಹೇಳುವ ಭಾರ ಹೇಳುವವನ ಮೇಲಿದೆ. ಕಂಪನಿಗಳಿಗೆ ಇದೇ ಕಾನೂನು ಅನ್ವಯಿಸುವುದಿಲ್ಲ, ನಿಜ. ನ್ಯಾಯ ಮಾತ್ರ ಒಂದೇ ಅಲ್ಲವೇ?

ಆದ್ದರಿಂದ ಏಳನೆಯ ಕಾರ್ಡಿಗೆ ನಾನು ಸೂಚಿಸಿದ್ದು: "ಪೂರ್ಣ ನಿಯಮ ಇಲ್ಲಿದೆ. ಸಂಶಯವಿದ್ದರೆ ಸಿಬ್ಬಂದಿ ವಿಭಾಗವನ್ನು ಕೇಳಿ. ಈ ಕಾರ್ಡುಗಳನ್ನು ನಂಬಿ ನಡೆದವರ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲ." ಕಂಪನಿಯ ವಕೀಲರು ಮೂರನೆಯ ವಾಕ್ಯಕ್ಕೆ ಒಪ್ಪಲಿಲ್ಲ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಕಾರ್ಡು ಕಾನೂನನ್ನು ಬದಲಿಸಲಾರದು, ಕ್ರಾಂಕನ್‌ಕಾಸ್ಸೆ ಏನು ಮಾಡುತ್ತದೆ ಎಂಬುದಕ್ಕೆ ಕಂಪನಿ ಜಾಮೀನು ನಿಲ್ಲಲಾರದು, ಎಲ್ಲರೂ "ನಾನು ಕಾರ್ಡು ನೋಡಿದ್ದೆ" ಎಂದರೆ ಏನು ಗತಿ ಎಂದು. ಮೊದಲ ಎರಡು ಮಾತು ಸರಿ. ಆದರೆ ತನ್ನ ಎಚ್ಚರಿಕೆ ಪತ್ರವನ್ನು ಕೊಡುವುದೋ ಬಿಡುವುದೋ ಕಂಪನಿಯ ಕೈಯಲ್ಲೇ ಇದೆ. ಅಷ್ಟನ್ನು ಅದು ಖಂಡಿತ ಮಾತು ಕೊಡಬಹುದು. ಮೂರನೆಯ ಆತಂಕಕ್ಕೆ ನನ್ನ ಉತ್ತರ ಇಷ್ಟೇ: ಕಾರ್ಡು ನೋಡಿದವರೆಲ್ಲ ತಪ್ಪುತ್ತಿದ್ದರೆ ತಪ್ಪು ಕಾರ್ಡಿನದು, ಅದನ್ನು ಬೇಗ ತಿಳಿಯುವುದು ಕಂಪನಿಗೇ ಒಳ್ಳೆಯದು.

ಕೊನೆಗೆ ನೌಕರರ ಮಂಡಳಿಯಾದ ಬೆಟ್ರೀಬ್ಸ್‌ರಾಟ್ ಮಧ್ಯೆ ಬಂದು ವಾಕ್ಯ ಹೀಗೆ ನಿಂತಿತು: "ಕಾರ್ಡಿಗೂ ನಿಯಮಕ್ಕೂ ವ್ಯತ್ಯಾಸ ಕಂಡುಬಂದರೆ, ಕಾರ್ಡಿನಂತೆ ನಡೆದವರಿಗೆ ಎಚ್ಚರಿಕೆ ಪತ್ರ ಕೊಡುವುದಿಲ್ಲ." ಜೊತೆಗೆ ಎರಡರ ಮೇಲೂ ಒಂದೇ ತಾರೀಖು ಹಾಕಬೇಕು, ನಿಯಮ ತಿದ್ದಿದ ದಿನವೇ ಕಾರ್ಡನ್ನೂ ತಿದ್ದಬೇಕು, ಎರಡಕ್ಕೂ ಒಬ್ಬರೇ ಹೊಣೆಗಾರರು ಎಂದು ಗೊತ್ತುಮಾಡಿದರು. ಇದು ಸಣ್ಣ ವಿಷಯವಲ್ಲ. ಸರಳ ರೂಪ ಕೆಡುವುದು ಸಾಮಾನ್ಯವಾಗಿ ಬರೆದ ದಿನವಲ್ಲ, ಮೂಲ ಬದಲಾಗಿ ಕಾರ್ಡು ಹಳೆಯದಾಗಿ ಉಳಿದ ದಿನ.

ಈ ಕೊನೆಯ ವಾಕ್ಯದ ವಿಷಯದಲ್ಲಿ ಒಂದು ವಿಚಿತ್ರ ಪರಿಣಾಮವೂ ಆಯಿತು. ಕಾರ್ಡಿಗೆ ತಾನೇ ಬದ್ಧ ಎಂದು ಗೊತ್ತಾದ ಮೇಲೆ ವಕೀಲರು ಆರು ಕಾರ್ಡುಗಳನ್ನೂ ಮತ್ತೊಮ್ಮೆ ಸಾಲು ಸಾಲಾಗಿ ಓದಿದರಂತೆ. ಅದುವರೆಗೆ "ಅದೇನೋ ಚಿತ್ರದ ಕೆಲಸ" ಎಂದು ಬದಿಗಿಟ್ಟಿದ್ದರು. ಐದನೆಯ ಕಾರ್ಡಿನಲ್ಲಿ "ಮತ್ತೆ ತಿಳಿಸಿ" ಎಂದಿದೆ, ಯಾರಿಗೆ ಎಂದು ಇಲ್ಲ ಎಂದು ತೋರಿಸಿದವರು ಅವರೇ. ಈಗ ಅಲ್ಲಿ "ಮೇಲಧಿಕಾರಿಗೆ ಮತ್ತೆ ತಿಳಿಸಿ" ಎಂದಿದೆ.